ಮೆಸೇಜ್ ಬರ್ತಾವ, ಹೋಗೂದಿಲ್ಲ: ಮೆಸೇಜ್ ಸೆಂಟರ್ ನಂಬರಿನ ಲೆಕ್ಕ

ಪ್ರಶ್ನೆ: ನಾವು ಇಂಡಿ ತಾಲೂಕಿನವರು. ನಮ್ಮ ಅಪ್ಪಾರ ಸಿಮ್ ಸೊಲ್ಲಾಪುರದಾಗ ತೊಗೊಂಡಿದ್ದು, ಇಷ್ಟು ದಿನ ಬಟನ್ ಫೋನಿನ್ಯಾಗ ಇತ್ತು. ಈಗ ಅದನ್ನ ಹೊಸಾ ಆಂಡ್ರಾಯ್ಡ್ ಫೋನಿಗೆ ಹಾಕೀವಿ. ಕಾಲ್ ಬರ್ತಾವ, ಹೋಗ್ತಾವ, ಓಟಿಪಿನೂ ಬರ್ತದ. ಆದ್ರ ಇಲ್ಲಿಂದ ಒಂದು ಮೆಸೇಜೂ ಹೋಗವಲ್ದು, ಹಂಗಾಗಿ ಯುಪಿಐ ಚಾಲೂ ಆಗವಲ್ದು. ಅಂಗಡಿಯವರು ಮೆಸೇಜ್ ಸೆಂಟರ್ ನಂಬರ್ ತಪ್ಪೈತಿ ಅಂತ ಹೇಳಿ ನೆಟ್ಟಿನ್ಯಾಗಿನ ಕರ್ನಾಟಕದ ನಂಬರ್ ಒಂದು ಹಾಕಿ ಕೊಟ್ಟರು. ಆದ್ರೂ ಹೋಗಲಿಲ್ಲ. ಈಗ ನೋಡಿದ್ರ ಸೊನ್ನೆಯಿಂದ ಸುರು ಆಗೋ ನಂಬರು, ಕೊನಿಗೆ 129 ಅಂತ ಕಾಣಸ್ತದ. ಏನ್ ಮಾಡಬೇಕ್ರಿ?

ಉತ್ತರ: ಅಂಗಡಿಯವರು ಹಿಡಿದ ಜಾಗ ಸರಿಯಾಗಿದೆ, ಹಾಕಿದ ನಂಬರ್ ಸರಿಯಿಲ್ಲ. ಅದರಲ್ಲಿ ಎರಡು ತಪ್ಪು ಕೂಡಿವೆ. ಮೊದಲನೆಯದು, ಸಿಮ್ ಮಹಾರಾಷ್ಟ್ರ ಸರ್ಕಲ್‌ನದು, ನಂಬರ್ ಕರ್ನಾಟಕದ್ದು. ಎರಡನೆಯದು, ಅದನ್ನು ಬರೆದ ರೀತಿ. ಸೊನ್ನೆ ಮತ್ತು 129 ಎರಡೂ ಆ ತಪ್ಪನ್ನೇ ತೋರಿಸುತ್ತಿವೆ. ಸೊಲ್ಲಾಪುರದ ಸಿಮ್‌ಗೆ ಅದರದೇ ಕಂಪನಿಯ, ಅದರದೇ ಸರ್ಕಲ್‌ನ ನಂಬರನ್ನು +91 ಸೇರಿಸಿ ಬರೆದರೆ ಮೆಸೇಜ್ ಹೋಗುವ ಸಾಧ್ಯತೆ ಬಹಳ.

ಓಟಿಪಿ ಬರುತ್ತಿದೆ ಎಂದಮೇಲೆ ಮೆಸೇಜ್ ವ್ಯವಸ್ಥೆ ಚೆನ್ನಾಗಿಯೇ ಇರಬೇಕು ಎಂದು ಎಲ್ಲರಿಗೂ ಅನಿಸುತ್ತದೆ. ಆದರೆ ಬರುವುದು, ಹೋಗುವುದು ಎರಡಕ್ಕೂ ದಾರಿ ಬೇರೆ. ನೀವು ಕಳಿಸಿದ ಮೆಸೇಜ್ ಎದುರಿನವರ ಫೋನಿಗೆ ನೇರವಾಗಿ ಹೋಗುವುದಿಲ್ಲ. ಮೊದಲು ನಿಮ್ಮ ಕಂಪನಿಯ ಮೆಸೇಜ್ ಸೆಂಟರಿಗೆ ಹೋಗುತ್ತದೆ. ಅದು ಮೆಸೇಜನ್ನು ಇಟ್ಟುಕೊಂಡು, ಎದುರಿನ ಫೋನ್ ಎಲ್ಲಿದೆ ಎಂದು ಹುಡುಕಿ, ತಲುಪಿಸುತ್ತದೆ. ಆ ಫೋನ್ ಬಂದ್ ಇದ್ದರೆ ಕಾದು, ಮತ್ತೆ ಕಳಿಸುತ್ತದೆ. ಈ ಸೆಂಟರಿಗೂ ಒಂದು ಫೋನ್ ನಂಬರ್ ಇರುತ್ತದೆ. ಅದನ್ನೇ SMSC ಎಂದು ಪರದೆಯ ಮೇಲೆ ಬರೆದಿರುತ್ತಾರೆ. ನೀವು Send ಒತ್ತಿದಾಗ ಫೋನ್ ಎರಡು ವಿಳಾಸ ಹಚ್ಚುತ್ತದೆ: ಯಾರಿಗೆ ಹೋಗಬೇಕು ಎನ್ನುವುದು ಒಂದು, ಯಾವ ಸೆಂಟರಿನ ಮೂಲಕ ಎನ್ನುವುದು ಇನ್ನೊಂದು. ಮೊದಲನೆಯದನ್ನು ನೀವು ಬರೆಯುತ್ತೀರಿ, ಎರಡನೆಯದನ್ನು ಫೋನ್ ತಾನೇ ಸಿಮ್‌ನಿಂದ ಓದಿಕೊಳ್ಳುತ್ತದೆ.

ನಿಮಗೆ ಬರುವ ಮೆಸೇಜ್ ಮಾತ್ರ ಕಳಿಸಿದವರ ಸೆಂಟರಿನಿಂದ ಬರುತ್ತದೆ. ಬ್ಯಾಂಕಿನ ಓಟಿಪಿಗೆ ನಿಮ್ಮ ಸಿಮ್‌ನಲ್ಲಿ ಬರೆದ ಸೆಂಟರ್ ನಂಬರ್ ಬೇಕಾಗಿಯೇ ಇಲ್ಲ. ಅಲ್ಲಿ ಏನೂ ಬರೆದಿರದಿದ್ದರೂ ಓಟಿಪಿ ಬರುತ್ತದೆ. ಕಾಲ್‌ಗೂ ಇಂಟರ್ನೆಟ್‌ಗೂ ಅದರ ಸಂಬಂಧವಿಲ್ಲ. ಆದ್ದರಿಂದ ಕಾಲ್ ಸರಿ, ಡೇಟಾ ಸರಿ, ಬರುವ ಮೆಸೇಜ್ ಸರಿ, ಯಾರಿಗೇ ಕಳಿಸಿದರೂ ಹೋಗುವ ಮೆಸೇಜ್ ಮಾತ್ರ ಕೆಟ್ಟಿದೆ ಎಂದಾಗ ಮೊದಲು ಈ ನಂಬರನ್ನು ನೋಡಬೇಕು. ಒಬ್ಬರಿಗೆ ಮಾತ್ರ ಹೋಗದೆ ಉಳಿದವರಿಗೆಲ್ಲ ಹೋದರೆ ನಿಮ್ಮ ಸೆಂಟರ್ ನಂಬರ್ ಸರಿಯಿದೆ ಎಂದೇ ಅರ್ಥ.

ಈ ತಪ್ಪು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಇರುವುದುಂಟು. ವಯಸ್ಸಾದವರು ಬಟನ್ ಫೋನಿನಿಂದ ಮೆಸೇಜ್ ಕಳಿಸುವುದೇ ಅಪರೂಪ. ಈಗ ಯುಪಿಐ ಬಂದಮೇಲೆ ಗೊತ್ತಾಗುತ್ತಿದೆ. ಆ್ಯಪ್‌ನಲ್ಲಿ ನೋಂದಣಿ ಮಾಡುವಾಗ ‘ನಿಮ್ಮ ನಂಬರ್ ಪರಿಶೀಲಿಸುತ್ತಿದ್ದೇವೆ’ ಎಂದು ಚಕ್ರ ತಿರುಗುತ್ತದಲ್ಲ, ಆಗ ಆ್ಯಪ್ ನಿಮ್ಮ ಸಿಮ್‌ನಿಂದ ಒಂದು ಮೆಸೇಜನ್ನು ತಾನೇ ಕಳಿಸುತ್ತಿರುತ್ತದೆ. ಈ ನಂಬರಿನ ಸಿಮ್ ಇದೇ ಫೋನಿನಲ್ಲಿದೆ ಎಂದು ಖಾತ್ರಿ ಮಾಡಿಕೊಳ್ಳುವುದು ಹಾಗೆ. ಒಳಗೆ ಬರುವ ಓಟಿಪಿ ಆ ಕೆಲಸಕ್ಕೆ ಸಾಲದು, ಮೆಸೇಜ್ ಹೊರಗೇ ಹೋಗಬೇಕು. ಹೋಗದಿದ್ದರೆ ಆ್ಯಪ್ ಅಳಿಸಿ ಹತ್ತು ಸಲ ಹೊಸದಾಗಿ ಹಾಕಿದರೂ ಅಲ್ಲೇ ನಿಲ್ಲುತ್ತದೆ.

ನಂಬರ್ ತಿದ್ದುವ ಮೊದಲು ಬೇರೆ ಮೂರ್ನಾಲ್ಕು ಕಾರಣಗಳನ್ನು ಬದಿಗೆ ಸರಿಸಿಕೊಳ್ಳಿ, ಎರಡು ನಿಮಿಷದ ಕೆಲಸ. ಬಟನ್ ಫೋನಿನ ದೊಡ್ಡ ಸಿಮ್ ಹೊಸ ಫೋನಿಗೆ ಹಿಡಿಸದೆ ಕಂಪನಿಯಿಂದ ಹೊಸ ಸಿಮ್ ಬದಲಿಸಿ ತಂದಿದ್ದರೆ, ಅದು ಚಾಲೂ ಆದ ಮೇಲೆ 24 ತಾಸು ಮೆಸೇಜ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಬೇರೆಯವರ ಹೆಸರಲ್ಲಿ ಸಿಮ್ ಬದಲಿಸಿ ಹಣ ಎಗರಿಸುವುದನ್ನು ತಡೆಯಲು ದೂರಸಂಪರ್ಕ ಇಲಾಖೆ ಇಟ್ಟ ನಿಯಮ ಅದು. ನಿಮಗೆ ಓಟಿಪಿ ಬರುತ್ತಿದೆ, ಆದ್ದರಿಂದ ಇದು ನಿಮ್ಮ ತೊಂದರೆಯಲ್ಲ. ರೀಚಾರ್ಜ್ ನೋಡಿ. ಕಡಿಮೆ ಬೆಲೆಯ ಕೆಲವು ಪ್ಯಾಕ್‌ಗಳಲ್ಲಿ ಹೋಗುವ ಮೆಸೇಜ್ ಇರುವುದೇ ಇಲ್ಲ. ಆಗ ಮೇನ್ ಬ್ಯಾಲೆನ್ಸ್‌ನಲ್ಲಿ ಒಂದೆರಡು ರೂಪಾಯಿ ಇರಬೇಕು. ಫೋನಿನಲ್ಲಿ ಎರಡು ಸಿಮ್ ಇದ್ದರೆ ಮೆಸೇಜ್ ಯಾವುದರಿಂದ ಹೋಗುತ್ತಿದೆ ನೋಡಿ. ಮನೆಯ ವೈಫೈ ನಡೆಯುತ್ತಿದ್ದು ಟವರ್ ಕಡ್ಡಿ ಇಲ್ಲದಿದ್ದರೆ ಯುಪಿಐ ಆ್ಯಪ್ ತೆರೆಯುತ್ತದೆ, ಆದರೆ ಮೆಸೇಜ್ ಅಂಗಳದಾಚೆ ಹೋಗದು. 4ಜಿ ಮಾತ್ರ ಇರುವ ಕಂಪನಿಯ ಸಿಮ್ ಆಗಿದ್ದರೆ ಸೆಟ್ಟಿಂಗ್ಸ್‌ನಲ್ಲಿ VoLTE ಆನ್ ಇರಲಿ, ಅಂಥ ಸಿಮ್‌ನಲ್ಲಿ ಕಾಲೂ ಮೆಸೇಜೂ ಅದರ ಮೇಲೆ ನಿಂತಿರುತ್ತವೆ.

ಇನ್ನು ಮುಖ್ಯ ವಿಷಯ, ಯಾರ ಸೆಂಟರ್ ನಂಬರ್ ಹಾಕಬೇಕು. ಇಂಡಿ, ಚಡಚಣ, ಅಥಣಿ, ನಿಪ್ಪಾಣಿ ಕಡೆ ಈ ಗೊಂದಲ ಜಾಸ್ತಿ, ಏಕೆಂದರೆ ಅರ್ಧ ಮನೆಯ ಸಿಮ್ ಇತ್ತಲಿನದು, ಅರ್ಧ ಮನೆಯದು ಅತ್ತಲಿನದು. ನೀವು ನಿಂತಿರುವ ಊರು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಸೊಲ್ಲಾಪುರದ ಸಿಮ್ ಇಂಡಿಯ ಟವರ್ ಹಿಡಿದಿದ್ದರೂ ಅದರ ಮನೆ ಮಹಾರಾಷ್ಟ್ರ ಸರ್ಕಲ್ಲೇ. ಇಲ್ಲಿಯ ಟವರ್ ಮೆಸೇಜನ್ನು ಎತ್ತಿಕೊಂಡು ಅಲ್ಲಿಯ ಸೆಂಟರಿಗೆ ದಾಟಿಸುತ್ತದೆ. ಅದಕ್ಕೆ ಕರ್ನಾಟಕದ ಸೆಂಟರ್ ನಂಬರ್ ಕೊಟ್ಟರೆ, ಕಂಪನಿ ಒಂದೇ ಆಗಿದ್ದರೂ, ‘ಇವರು ನಮ್ಮ ಗಿರಾಕಿಯಲ್ಲ’ ಎಂದು ಆ ಸೆಂಟರ್ ಮೆಸೇಜನ್ನು ತಿರಸ್ಕರಿಸಬಹುದು. ಬೇರೆ ಕಂಪನಿಯದಾದರೆ ಆಸೆಯನ್ನೇ ಬಿಡಿ. ನಿಮ್ಮ ಮನೆಯಲ್ಲಿ ಆಗಿರುವುದು ಬಹುಶಃ ಇದೇ.

ಫೋನ್ ನಂಬರಿನ ಮೊದಲ ನಾಲ್ಕು ಅಂಕಿ ನೋಡಿ ಕಂಪನಿ, ಸರ್ಕಲ್ ಹೇಳುವ ರೂಢಿಯನ್ನೂ ಬಿಡಬೇಕು. 2011ರ ಜನವರಿಯಿಂದ ದೇಶದಲ್ಲೆಲ್ಲ ನಂಬರ್ ಉಳಿಸಿಕೊಂಡು ಕಂಪನಿ ಬದಲಿಸಬಹುದು, 2015ರ ಜುಲೈಯಿಂದ ಸರ್ಕಲ್ಲನ್ನೂ ಬದಲಿಸಬಹುದು. ಹಳೆಯ ಸೊಲ್ಲಾಪುರದ ನಂಬರೇ ಇದ್ದು, ಮಧ್ಯೆ ಕರ್ನಾಟಕಕ್ಕೆ ಪೋರ್ಟ್ ಮಾಡಿಸಿದ್ದರೆ ಈಗ ಅದು ಕರ್ನಾಟಕದ ಸಿಮ್. ಅಪ್ಪಾರನ್ನು ಇದೊಂದು ಕೇಳಿಕೊಳ್ಳಿ. ಕೊನೆಯ ಸಲ ಸಿಮ್ ಕೊಟ್ಟ ಕಂಪನಿ ಯಾವುದು, ಕೊಟ್ಟ ಸರ್ಕಲ್ ಯಾವುದು, ಅದೇ ಲೆಕ್ಕ.

ನೆಟ್ಟಿನಲ್ಲಿ ಸಿಗುವ ಸೆಂಟರ್ ನಂಬರ್ ಪಟ್ಟಿಗಳನ್ನು ನಾನು ನಂಬಬೇಡಿ ಎನ್ನುತ್ತೇನೆ. ಅವುಗಳಲ್ಲಿ ಮುಚ್ಚಿಹೋದ ಕಂಪನಿಗಳ, ಕೂಡಿಹೋದ ಕಂಪನಿಗಳ ಹಳೆಯ ನಂಬರ್‌ಗಳು ಹಾಗೇ ಉಳಿದಿವೆ. ಅದಕ್ಕಿಂತ ಗಟ್ಟಿಯಾದ ದಾರಿ ಇದೆ. ಸೊಲ್ಲಾಪುರದಲ್ಲಿ ನಿಮ್ಮ ಬೀಗರೋ ಗೆಳೆಯರೋ ಅದೇ ಕಂಪನಿಯ ಸಿಮ್ ಇಟ್ಟುಕೊಂಡಿದ್ದರೆ, ಅವರ ಫೋನಿನಿಂದ ಮೆಸೇಜ್ ಹೋಗುತ್ತಿದ್ದರೆ, ಅವರ ಫೋನಿನಲ್ಲಿ ಸೆಂಟರ್ ನಂಬರ್ ತೆರೆದು ಫೋಟೋ ತೆಗೆದು ಕಳಿಸಲು ಹೇಳಿ. ಕೆಲಸ ಮಾಡುತ್ತಿರುವ ಸಿಮ್‌ನ ನಂಬರಿಗಿಂತ ದೊಡ್ಡ ಸಾಕ್ಷಿ ಇಲ್ಲ. ಅಂಥವರು ಸಿಗದಿದ್ದರೆ ಕಂಪನಿಯ ಗ್ರಾಹಕ ಸೇವೆಗೆ ಅದೇ ಸಿಮ್‌ನಿಂದ ಕಾಲ್ ಮಾಡಿ, ‘ನನ್ನ ಸರ್ಕಲ್‌ನ ಮೆಸೇಜ್ ಸೆಂಟರ್ ನಂಬರ್ ಹೇಳಿ’ ಎಂದು ಕೇಳಿ, ಅಂಕಿ ಅಂಕಿಯಾಗಿ ಬರೆದುಕೊಳ್ಳಿ.

ಈಗ ಆ 129ಕ್ಕೆ ಬರೋಣ. ಸೆಂಟರ್ ನಂಬರಿನ ಜೊತೆ ಅದು ಯಾವ ಬಗೆಯ ನಂಬರ್ ಎನ್ನುವ ಗುರುತನ್ನೂ ಫೋನ್ ಬರೆದಿಡುತ್ತದೆ. 145 ಎಂದರೆ ದೇಶದ ಕೋಡ್ ಸಹಿತ ಪೂರ್ತಿ ನಂಬರ್. 129 ಎಂದರೆ ಯಾವ ಬಗೆ ಎಂದು ಗೊತ್ತಿಲ್ಲದ ನಂಬರ್. ಮುಂದೆ + ಇಲ್ಲದೆ, ಸೊನ್ನೆ ಹಾಕಿ ಬರೆದರೆ ಫೋನ್ ಅದನ್ನು 129 ಎಂದು ಗುರುತಿಸುತ್ತದೆ. ನಾವು ಕಾಲ್ ಮಾಡುವಾಗ ಸೊನ್ನೆ ಹಾಕಿದರೂ ನಡೆಯುತ್ತದೆ, ಎಕ್ಸ್‌ಚೇಂಜ್ ಅದನ್ನು ತಿದ್ದಿಕೊಳ್ಳುತ್ತದೆ. ಮೆಸೇಜ್ ಸೆಂಟರಿನ ವಿಳಾಸಕ್ಕೆ ಆ ರಿಯಾಯಿತಿ ಇದೆ ಎಂದು ನೆಚ್ಚಿಕೊಳ್ಳುವಂತಿಲ್ಲ. ಸರಿಯಾದ ನಂಬರ್ ಎಂದರೆ +, ಆಮೇಲೆ 91, ಆಮೇಲೆ ಹತ್ತು ಅಂಕಿ. ಸೊನ್ನೆ ಬೇಡ, ನಡುವೆ ಖಾಲಿ ಜಾಗವೂ ಬೇಡ.

ತಿದ್ದುವುದು ಹೀಗೆ. ಕಾಲ್ ಮಾಡುವ ಪರದೆಯಲ್ಲಿ ಇದನ್ನು ಒತ್ತಿ:

```
*#*#4636#*#*
```

ಕೊನೆಯ ನಕ್ಷತ್ರ ಬಿದ್ದ ಕೂಡಲೇ ಒಂದು ಪಟ್ಟಿ ತಾನಾಗಿಯೇ ತೆರೆಯುತ್ತದೆ, ಹಸಿರು ಬಟನ್ ಒತ್ತಬೇಕಿಲ್ಲ. Phone information ಎನ್ನುವುದನ್ನು ಆರಿಸಿ. ಎರಡು ಸಿಮ್ ಇದ್ದರೆ ಅಪ್ಪಾರ ಸಿಮ್ ಯಾವುದೋ ಅದನ್ನೇ ಆರಿಸಬೇಕು. ಇನ್ನೊಂದರಲ್ಲಿ ಬರೆದರೆ ಚೆನ್ನಾಗಿದ್ದ ಸಿಮ್ಮೂ ಕೆಡುತ್ತದೆ. ಕೆಳಕ್ಕೆ ಸರಿಸುತ್ತ ಹೋದರೆ SMSC ಎಂಬ ಸಾಲು, ಪಕ್ಕದಲ್ಲಿ Update, Refresh ಎಂಬ ಎರಡು ಬಟನ್ ಸಿಗುತ್ತವೆ. ಮೊದಲು Refresh ಒತ್ತಿ, ಈಗಿರುವುದನ್ನು ಫೋಟೋ ತೆಗೆದಿಟ್ಟುಕೊಳ್ಳಿ. ಆ ಜಾಗ ಖಾಲಿ ಇರುವಾಗ Update ಒತ್ತಬೇಡಿ. ಅದು ಓದುವ ಬಟನ್ ಅಲ್ಲ, ಬರೆಯುವ ಬಟನ್. ಏನಿದೆ ನೋಡೋಣ ಎಂದು ಒತ್ತಿ, ಇದ್ದದ್ದನ್ನೂ ಕಳೆದುಕೊಳ್ಳುವವರಿದ್ದಾರೆ.

ಹಳೆಯದನ್ನು ಅಳಿಸಿ ಹೊಸದನ್ನು ಬರೆದು Update ಒತ್ತಿ. ನಿಮ್ಮ ಫೋನ್ 129 ಎಂದು ಕೊನೆಯಲ್ಲಿ ತೋರಿಸುತ್ತಿದೆ ಎಂದರೆ ಅದಕ್ಕೆ ಬೇಕಾದದ್ದು ಉದ್ಧರಣ ಚಿಹ್ನೆ ಸಹಿತದ ಈ ರೂಪ. X ಇದ್ದಲ್ಲಿ ನಿಮಗೆ ಸಿಕ್ಕ ಹತ್ತು ಅಂಕಿ:

```
"+91XXXXXXXXXX",145
```

ಮತ್ತೆ Refresh ಒತ್ತಿದಾಗ ನೀವು ಬರೆದದ್ದೇ ತಿರುಗಿ ಕಂಡರೆ ಸಿಮ್‌ಗೆ ಇಳಿದಿದೆ. Update error ಎಂದು ಬಂದರೆ ಚಿಹ್ನೆ, 145 ಎಲ್ಲ ತೆಗೆದು ಬರೀ +91 ಮತ್ತು ಹತ್ತು ಅಂಕಿ ಹಾಕಿ ನೋಡಿ. ಅದಕ್ಕೂ ಒಪ್ಪದ ಕೆಲವು ಫೋನ್‌ಗಳು ಇನ್ನೊಂದು ರೂಪ ಕೇಳುತ್ತವೆ. ಸಿಮ್‌ನೊಳಗೆ ನಂಬರ್ ಇರುವುದು ಆ ರೂಪದಲ್ಲೇ. ಸುಮ್ಮನೆ ಉದಾಹರಣೆಗೆ ಸೆಂಟರ್ ನಂಬರ್ +911234567890 ಎಂದುಕೊಳ್ಳಿ. + ಬಿಟ್ಟು ಎರಡೆರಡು ಅಂಕಿಯ ಜೋಡಿ ಮಾಡಿ: 91, 12, 34, 56, 78, 90. ಪ್ರತಿ ಜೋಡಿಯನ್ನೂ ತಿರುಗಿಸಿ: 19, 21, 43, 65, 87, 09. ಇದರ ಮುಂದೆ 91 ಹಾಕಿ. ಈ 91 ಭಾರತದ ಕೋಡ್ ಅಲ್ಲ, ಮೇಲೆ ಹೇಳಿದ 145ರದೇ ಹದಿನಾರರ ಲೆಕ್ಕದ ರೂಪ. ಅದಕ್ಕೂ ಮುಂದೆ, ಒಟ್ಟು ಏಳು ಜೋಡಿ ಇವೆ ಎನ್ನಲು 07:

```
0791192143658709
```

ಒಟ್ಟು 16 ಅಂಕಿ ಬರಬೇಕು. ಒಂದು ಹೆಚ್ಚಾದರೂ ಕಡಿಮೆಯಾದರೂ ಜೋಡಿ ಮಾಡುವಾಗ ತಪ್ಪಿದ್ದೀರಿ. ಇದನ್ನು ಕಾಗದದ ಮೇಲೆ ಬರೆದುಕೊಂಡೇ ಮಾಡಿ, ತಲೆಯಲ್ಲಿ ಮಾಡಿದರೆ ಒಂದು ಜೋಡಿಯಾದರೂ ತಿರುಗಿಸುವುದು ಮರೆಯುತ್ತದೆ.

ಆ ಕೋಡ್ ಒತ್ತಿದರೂ ಪಟ್ಟಿ ತೆರೆಯದ ಫೋನ್‌ಗಳಿವೆ. ಸ್ಯಾಮ್‌ಸಂಗ್‌ನ ಹಲವು ಫೋನ್‌ಗಳಲ್ಲಿ ಅದರದೇ ಮೆಸೇಜ್ ಆ್ಯಪ್‌ನ ಸೆಟ್ಟಿಂಗ್ಸ್ ಒಳಗೆ Text messages ಎನ್ನುವಲ್ಲಿ Message centre ಎಂದು ಇರುತ್ತದೆ. ಐಫೋನ್‌ನಲ್ಲಿ ನೋಡಲು ಮೊದಲನೆಯದು, ಬರೆಯಲು ಎರಡನೆಯದು, ಎರಡನ್ನೂ ಕಾಲ್ ಬಟನ್ ಒತ್ತಿ ಕಳಿಸಬೇಕು:

```
*#5005*7672#
*5005*7672*+91XXXXXXXXXX#
```

ಇದ್ಯಾವುದೂ ಆಗದಿದ್ದರೆ ಹಳೆಯ ಬಟನ್ ಫೋನೇ ಕೈಹಿಡಿಯುತ್ತದೆ, ಸಿಮ್ ಹಿಡಿಸುವ ಅಡಾಪ್ಟರ್ ಒಂದು ಬೇಕಾಗಬಹುದು. ಮೆಸೇಜ್ ಸೆಟ್ಟಿಂಗ್ಸ್ ಒಳಗೆ Message centre, ಕೆಲವದರಲ್ಲಿ SMS centre, ಎಂದಿರುತ್ತದೆ. ಅಲ್ಲಿ + ಬರಬೇಕೆಂದರೆ ಕೆಲವು ಫೋನಿನಲ್ಲಿ * ಬಟನ್ ಎರಡು ಸಲ ಬೇಗ ಒತ್ತಬೇಕು, ಕೆಲವದರಲ್ಲಿ ಸೊನ್ನೆ ಬಟನ್ ಒತ್ತಿ ಹಿಡಿಯಬೇಕು. ನಂಬರ್ ಸಾಮಾನ್ಯವಾಗಿ ಸಿಮ್‌ನಲ್ಲೇ ಉಳಿಯುತ್ತದೆ, ಆದ್ದರಿಂದ ಸಿಮ್ ತೆಗೆದು ಹೊಸ ಫೋನಿಗೆ ಹಾಕಿದಾಗ ಅದರ ಜೊತೆ ಬರುತ್ತದೆ. ಆದರೆ ಕೆಲವು ಬಟನ್ ಫೋನ್‌ಗಳು ಅದನ್ನು ಸಿಮ್‌ಗೆ ಬರೆಯದೆ ತಮ್ಮಲ್ಲೇ ಇಟ್ಟುಕೊಳ್ಳುತ್ತವೆ. ಹಳೆಯ ಫೋನಿನಲ್ಲಿ ಮೆಸೇಜ್ ಹೋಗುತ್ತಿದ್ದು, ಹೊಸದಕ್ಕೆ ಬಂದ ಕೂಡಲೇ ನಿಲ್ಲುವುದಕ್ಕೆ ಒಂದು ಕಾರಣ ಇದು. ಅಪ್ಪಾರ ಹಳೆಯ ಫೋನ್ ಇನ್ನೂ ಇದ್ದರೆ, ಅದರಿಂದ ಹಿಂದೆ ಮೆಸೇಜ್ ಹೋಗುತ್ತಿದ್ದರೆ, ಸಿಮ್ ಹಾಕಿ ಅಲ್ಲಿ ಯಾವ ಸೆಂಟರ್ ನಂಬರ್ ಇದೆ ನೋಡಿ. ನಿಮಗೆ ಬೇಕಾದ ನಂಬರ್ ಅಲ್ಲೇ ಕೂತಿರಬಹುದು.

ಹೊಲದ ಬೋರ್‌ವೆಲ್‌ಗೆ ಹಾಕಿದ ಮೊಬೈಲ್ ಸ್ಟಾರ್ಟರ್‌ಗೂ ಇದೇ ಮಾತು. ಕಾಲ್ ಮಾಡಿದರೆ ಮೋಟರ್ ಚಾಲೂ ಆಗುತ್ತದೆ, ಆದರೆ ಕರೆಂಟ್ ಬಂತು, ಮೋಟರ್ ನಿಂತಿತು ಎನ್ನುವ ಮೆಸೇಜ್ ಬರುವುದಿಲ್ಲ ಎಂದರೆ ಅದರೊಳಗಿನ ಸಿಮ್‌ನ ಪ್ಯಾಕ್ ಮತ್ತು ಸೆಂಟರ್ ನಂಬರ್ ನೋಡಿ. ಆ ಸಿಮ್ ತೆಗೆದು ಫೋನಿನಲ್ಲಿ ಹಾಕಿ ತಿದ್ದಿ, ಅಲ್ಲಿಂದ ಒಂದು ಮೆಸೇಜ್ ಕಳಿಸಿ ನೋಡಿಯೇ ಸ್ಟಾರ್ಟರ್‌ಗೆ ಹಾಕಬೇಕು. ಸ್ಟಾರ್ಟರ್ ರಿಪೇರಿ ಮಾಡುವವರು ಒಳಗಿನ ಮಾಡೆಮ್‌ಗೆ ಕಂಪ್ಯೂಟರ್ ಹಚ್ಚಿದ್ದರೆ, `AT+CSCA?` ಎಂದು ಕೇಳಿದರೆ ಈಗಿನ ನಂಬರನ್ನೂ 145ಓ 129ಓ ಎನ್ನುವುದನ್ನೂ ಅದು ಹೇಳುತ್ತದೆ.

ತಿದ್ದಿದ ಮೇಲೆ ಫೋನ್ ಒಮ್ಮೆ ಆಫ್ ಮಾಡಿ ಆನ್ ಮಾಡಿ. ತಕ್ಷಣ ಯುಪಿಐಗೆ ಓಡಬೇಡಿ. ಸಲ ಸಲ ವಿಫಲವಾದರೆ ಆ್ಯಪ್‌ಗಳು ಸ್ವಲ್ಪ ಹೊತ್ತು ನಿಮ್ಮನ್ನು ತಡೆದು ನಿಲ್ಲಿಸುತ್ತವೆ, ಆಗ ತಪ್ಪು ಎಲ್ಲಿದೆ ಎಂದು ತಿಳಿಯದೆ ಹೋಗುತ್ತದೆ. ಮೊದಲು ಮನೆಯವರ ಫೋನಿಗೆ ಇಂಗ್ಲಿಷ್ ಅಕ್ಷರದಲ್ಲಿ `test` ಎಂದು ಒಂದೇ ಪದ ಕಳಿಸಿ. ಕನ್ನಡದಲ್ಲಿ ಉದ್ದಕ್ಕೆ ಬರೆದು ಪರೀಕ್ಷೆ ಮಾಡಬೇಡಿ. ಇಂಗ್ಲಿಷ್‌ನ ಒಂದು ಮೆಸೇಜಿನಲ್ಲಿ 160 ಅಕ್ಷರ ಹಿಡಿಸಿದರೆ ಕನ್ನಡದಲ್ಲಿ 70 ಮಾತ್ರ, ಅದರಲ್ಲೂ ಒತ್ತು, ದೀರ್ಘ ಎಲ್ಲ ಬೇರೆ ಬೇರೆ ಎಣಿಕೆ. ‘ನಮಸ್ಕಾರ’ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ, ಫೋನಿಗೆ ಏಳು. ಉದ್ದದ ಮೆಸೇಜ್ ಎರಡು ಮೂರು ತುಂಡಾಗಿ ಹೋಗುತ್ತದೆ, ಒಂದು ತುಂಡು ಸಿಕ್ಕಿಬಿದ್ದರೂ ಪೂರ್ತಿ ಮೆಸೇಜ್ ಹೋಗಿಲ್ಲ ಎಂದೇ ಫೋನ್ ತೋರಿಸುತ್ತದೆ. ಇನ್ನೊಂದು: ಗೂಗಲ್ ಮೆಸೇಜಸ್‌ನಲ್ಲಿ RCS ಚಾಟ್ ಆನ್ ಇದ್ದರೆ ಮೆಸೇಜ್ ಇಂಟರ್ನೆಟ್ ಮೇಲೆ ಹೋಗಿಬಿಡಬಹುದು, ಸೆಂಟರ್ ನಂಬರಿನ ಪರೀಕ್ಷೆಯೇ ಆಗುವುದಿಲ್ಲ. ಪರೀಕ್ಷೆಯ ಹೊತ್ತಿಗೆ ಅದನ್ನು ಆಫ್ ಮಾಡಿ.

Sent ಎಂದು ಬಂದರೆ ನಿಮ್ಮ ಸೆಂಟರ್ ಮೆಸೇಜನ್ನು ಸ್ವೀಕರಿಸಿದೆ, ಅಂದರೆ ಈ ನಂಬರಿನ ಕೆಲಸ ಮುಗಿಯಿತು. ಅದು ಎದುರಿನವರಿಗೆ ತಲುಪಿತು ಎನ್ನುವುದಕ್ಕೆ Delivered ಎಂದು ಬರಬೇಕು. Sent ಆಗಿಯೂ ತಲುಪದಿದ್ದರೆ ಎದುರಿನ ಫೋನ್ ಬಂದ್ ಇದೆಯೋ ನೋಡಬೇಕು, ಸೆಂಟರ್ ನಂಬರನ್ನು ಮತ್ತೆ ಕೆದಕಬಾರದು. ಮನೆಯವರಿಗೆ ಮೆಸೇಜ್ ಮುಟ್ಟಿದ ಮೇಲೆ ಯುಪಿಐ ತೆರೆಯಿರಿ. ವೈಫೈ ಆಫ್ ಮಾಡಿ, ಆ್ಯಪ್‌ಗೆ ಎಸ್‌ಎಂಎಸ್ ಅನುಮತಿ ಕೊಟ್ಟು, ಬ್ಯಾಂಕಿನಲ್ಲಿ ನೋಂದಾಯಿಸಿದ ನಂಬರಿನ ಸಿಮ್ಮನ್ನೇ ಆರಿಸಿ.

ನಂಬರ್ ಸರಿಯಾಗಿ ಬರೆದು, Refresh ಮಾಡಿದಾಗ ಸರಿಯಾಗಿಯೇ ಕಂಡು, ಆದರೂ ಹೋಗದಿದ್ದರೆ ಸಿಮ್ಮನ್ನು ಬೇರೆ ಫೋನಿಗೆ ಹಾಕಿ ಕಳಿಸಿ ನೋಡಿ. ಅಲ್ಲಿಯೂ ಹೋಗದಿದ್ದರೆ ಕಂಪನಿಯ ಕಡೆಯಿಂದ ಆ ನಂಬರಿಗೆ ಹೊರಹೋಗುವ ಮೆಸೇಜ್ ತಡೆಯಾಗಿರಬಹುದು. ಗ್ರಾಹಕ ಸೇವೆಯವರಿಗೆ ‘ಮೆಸೇಜ್ ಹೋಗುತ್ತಿಲ್ಲ’ ಎಂದಷ್ಟೇ ಹೇಳಿದರೆ ಫೋನ್ ಆಫ್ ಮಾಡಿ ಆನ್ ಮಾಡಿ ಎನ್ನುತ್ತಾರೆ. ‘ಸೆಂಟರ್ ನಂಬರ್ ನೋಡಿದ್ದೇನೆ, ಎರಡು ಫೋನಿನಲ್ಲಿ ಪರೀಕ್ಷಿಸಿದ್ದೇನೆ, ಬರುವ ಮೆಸೇಜ್ ಬರುತ್ತಿದೆ, ಹೊರಹೋಗುವ ಎಸ್‌ಎಂಎಸ್ ಸೇವೆ ಚಾಲೂ ಇದೆಯೇ ನೋಡಿ’ ಎಂದು ಕೇಳಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ಬರೆದದ್ದು Refresh ಮಾಡಿದರೆ ಮತ್ತೆ ಹಳೆಯದೇ ಆಗುತ್ತಿದ್ದರೆ, ಅಥವಾ ಯಾವ ಫೋನಿನಲ್ಲೂ ಬರೆಯಲು ಒಪ್ಪದಿದ್ದರೆ ಸಿಮ್ ಹಳೆಯದಾಗಿ ಕೆಟ್ಟಿದೆ. ಆಧಾರ್ ಒಯ್ದು ಅಪ್ಪಾರನ್ನೇ ಕರೆದುಕೊಂಡು ಹೋಗಿ ಅದೇ ನಂಬರಿನ ಹೊಸ ಸಿಮ್ ತೆಗೆಸಿ. ಅದರಲ್ಲಿ ಸೆಂಟರ್ ನಂಬರ್ ಕಂಪನಿಯವರೇ ಬರೆದಿರುತ್ತಾರೆ, ನೀವು ಏನೂ ಹಾಕಬೇಕಿಲ್ಲ. ಚಾಲೂ ಆದ 24 ತಾಸಿನ ನಂತರ ಯುಪಿಐ ಮಾಡಿ.